ಇಲ್ಲದ ಜಿಡ್ಡಿಗೆ ಕೊಟ್ಟ ದುಡ್ಡು

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಚಿಕ್ಕಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರು ಊರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರು ಮಂಡ್ಯ ಕಡೆಯದು. ಅಲ್ಲಿ ಯಾರೂ ಸಂಘ ಅನ್ನುವುದಿಲ್ಲ, ಡೈರಿ ಅಂತಾರೆ. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದೆ. ಹಾಲು ಅಳೆದು ಸುರಿಯಲು ಸಹಾಯಕಿ ಅಕ್ಕ ಇದ್ದಾರೆ, ನೀನು ಬರೆದುಕೊಂಡರೆ ಸಾಕು ಅಂತ ಅಧ್ಯಕ್ಷರು ಕರೆದರು. ಎರಡು ತಿಂಗಳ ಮಟ್ಟಿಗೆ ಅಂತ ಒಪ್ಪಿಕೊಂಡೆ. ಲೀಟರಿಗೆ ದರ ಗುಣಿಸಿದರೆ ಆಯ್ತಲ್ವಾ, ಇದರಲ್ಲೇನಿದೆ ಅಂದುಕೊಂಡಿದ್ದೆ.

ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಆದರೆ ಕೆಲಸ ಅದಕ್ಕೂ ಮುಂಚೆ ಶುರು. ಹಾಲು ಪರೀಕ್ಷಿಸುವ ಯಂತ್ರವನ್ನು ಹಚ್ಚಿ ಬಿಸಿಯಾಗಲು ಬಿಡಬೇಕು. ಒಂದೆರಡು ಸಲ ಶುದ್ಧ ನೀರು ಎಳೆಸಬೇಕು. ಮೊದಲು ಕೊಡುವ ಹಾಲಿನ ರೀಡಿಂಗನ್ನು ನಂಬಬಾರದು. ಕೊಳವೆಯೊಳಗೆ ಉಳಿದ ನೀರು ಸೇರಿ ಫ್ಯಾಟ್ ಕಡಿಮೆ ತೋರಿಸುತ್ತದೆ. ಚಿಕ್ಕಮ್ಮ ಅದಕ್ಕೆ ಮೊದಲ ಲೋಟವನ್ನು ಯಾವಾಗಲೂ ತಮ್ಮ ಮನೆ ಹಾಲಿನಿಂದಲೇ ಕೊಡುತ್ತಿದ್ದರು. ಆ ರೀಡಿಂಗ್ ಬಿಟ್ಟು ಎರಡನೆಯದನ್ನು ಬರೆಯುತ್ತಿದ್ದರು. ಸಾಲಿನಲ್ಲಿ ಮೊದಲು ಬಂದವರಿಗೆ ಅನ್ಯಾಯ ಆಗಬಾರದು ಅಂತ.

ನಮ್ಮಲ್ಲಿ 84 ಜನ ಹಾಲು ಹಾಕುತ್ತಾರೆ. ಯಂತ್ರ ಒಂದು ಸ್ಯಾಂಪಲ್ ನೋಡಲು ಮುಕ್ಕಾಲು ನಿಮಿಷದ ಮೇಲೆ ತೆಗೆದುಕೊಳ್ಳುತ್ತದೆ. ಹಾಗಾಗಿ ಎಷ್ಟೇ ಚುರುಕಾಗಿದ್ದರೂ ಏಳೂಕಾಲಿಗೆ ಮುಂಚೆ ಮುಗಿಯುವುದಿಲ್ಲ. ಡೈರಿಯಲ್ಲಿ ಯಾರಿಗೂ ಹೆಸರಿಲ್ಲ, ನಂಬರಷ್ಟೇ. "ಮೂವತ್ತೆಂಟು" ಅಂದರೆ ತೋಟದ ಮನೆಯ ಅಕ್ಕ. "ಎಂಬತ್ಮೂರು" ಅಂದರೆ ಅವರ ಓರಗಿತ್ತಿ. ಇವರಿಬ್ಬರ ನಂಬರನ್ನು ಅದಲು ಬದಲು ಮಾಡಿ ಒಂದು ಜಗಳ ಆಗಲೇ ಆಗಿಹೋಗಿತ್ತು. ಅವತ್ತಿನಿಂದ ನಂಬರು, ಲೀಟರು, ಫ್ಯಾಟು ಮೂರನ್ನೂ ಗಟ್ಟಿಯಾಗಿ ಕೂಗಿಯೇ ಬರೆಯುತ್ತಿದ್ದೆ. ಎದುರಿಗಿದ್ದವರಿಗೂ ಕೇಳಲಿ, ಹಿಂದಿದ್ದವರಿಗೂ ಕೇಳಲಿ.

ಹಾಲನ್ನು ಅಳತೆಯ ಬಕೆಟ್ಟಿಗೆ ಸುರಿದ ಮೇಲೆ ಸಹಾಯಕಿ ಅಕ್ಕ ಉದ್ದ ಹಿಡಿಯ ಸೌಟಿನಿಂದ ತಳದಿಂದ ಮೇಲಕ್ಕೆ ಮೂರ್ನಾಲ್ಕು ಸಲ ಎತ್ತಿ ಬಿಡುತ್ತಾರೆ. ಆಮೇಲೇ ಸಣ್ಣ ಲೋಟಕ್ಕೆ ಸ್ಯಾಂಪಲ್. ಕರೆದು ಮುಕ್ಕಾಲು ಗಂಟೆ ಇಟ್ಟ ಹಾಲಿನಲ್ಲಿ ಜಿಡ್ಡು ಆಗಲೇ ಮೇಲಕ್ಕೆ ಬರತೊಡಗಿರುತ್ತದೆ. ಅಲುಗಾಡಿಸದೆ ಮೇಲಿನಿಂದ ಮೊಗೆದರೆ ಫ್ಯಾಟ್ ಜಾಸ್ತಿ ಬರುತ್ತದೆ. ಇದು ಊರಿನ ಎಲ್ಲರಿಗೂ ಗೊತ್ತು. ಅದಕ್ಕೇ ಕೆಲವರು ಕ್ಯಾನನ್ನು ಮಗುವಿನ ಥರ ಮೆಲ್ಲಗೆ ಹೊತ್ತು ತರುತ್ತಾರೆ. ಇನ್ನು ಜೋರಾಗಿ ಕಲಕಿ ನೊರೆ ಎಬ್ಬಿಸಿದರೂ ಕಷ್ಟ. ಗಾಳಿಗುಳ್ಳೆ ಒಳಗೆ ಹೋದರೆ ಯಂತ್ರ ಏನೇನೋ ತೋರಿಸುತ್ತದೆ.

ಲೋಟವನ್ನು ಕೊಳವೆಯ ಕೆಳಗೆ ಹಿಡಿದರೆ ಎರಡು ಅಂಕಿ ಬರುತ್ತವೆ, `FAT` ಮತ್ತು `SNF`. ಮೊದಲನೆಯದು ಜಿಡ್ಡು. ಎರಡನೆಯದು ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ. ಎರಡೂ ಶೇಕಡಾ ಲೆಕ್ಕದಲ್ಲಿ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಕಿಸಿದ ದರಪಟ್ಟಿ ಇದೆ. ಫ್ಯಾಟ್ ಒಂದು ಕಡೆ, ಎಸ್ಎನ್ಎಫ್ ಇನ್ನೊಂದು ಕಡೆ. ಎರಡೂ ಸೇರುವ ಮನೆಯಲ್ಲಿ ಲೀಟರಿನ ದರ. 3.5 ಫ್ಯಾಟ್, 8.5 ಎಸ್ಎನ್ಎಫ್ ಇರುವ ಹಾಲೇ ಮೂಲ ದರದ್ದು. ಅದಕ್ಕಿಂತ ಮೇಲಾದರೆ ಏರುತ್ತದೆ, ಕೆಳಗಾದರೆ ಇಳಿಯುತ್ತದೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಈ ಪಟ್ಟಿಯಲ್ಲಿ ಬರುವುದಿಲ್ಲ. ಅದು ಬೇರೆ ದಾರಿಯಲ್ಲಿ ಅವರವರ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡುವುದನ್ನು ನನಗೆ ಕಲಿಸಿದ್ದು ಮೂವತ್ತೆಂಟನೇ ನಂಬರಿನ ಅಕ್ಕ. ಕಲಿಸಿದ್ದು ಅಂದರೆ, ಜಗಳಕ್ಕೆ ಬಂದು ಕಲಿಸಿದ್ದು. ಒಂದು ಸಂಜೆ ಅವರ ಹಾಲು 4.1 ಬಂದಿತ್ತು. ಮರುದಿನ ಸಂಜೆ 3.6.

"ಏನವ್ವ, ನೆನ್ನೆ ನಾಕು ಒಂದು ಅಂದೆ, ಇವತ್ತು ಮೂರು ಆರು ಅಂತೀಯ. ನಮ್ಮ ಹಸ ರಾತ್ರೋರಾತ್ರಿ ತೊಟ್ಟಿ ನೀರೆಲ್ಲಾ ಕುಡ್ದು ಬುಡ್ತಾ?"

ಹಿಂದೆ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. ನೀರು ಹಾಕಿದ್ದಾರೆ ಅಂತ ನಾನೇ ಆರೋಪ ಮಾಡಿದ ಹಾಗಾಯಿತು. ರಾತ್ರಿ ಚಿಕ್ಕಮ್ಮನ ಹತ್ತಿರ ಹೇಳಿದೆ. ಮಂಚದ ಮೇಲೆ ಕಾಲು ಚಾಚಿಕೊಂಡೇ ಕೇಳಿದರು, "ಎಸ್ಎನ್ಎಫ್ ಎಷ್ಟಿತ್ತು?"

ಎರಡು ದಿನವೂ 8.6.

"ಹಂಗಾದ್ರೆ ನೀರಲ್ಲ. ಕರು ಕುಡಿದಿದೆ. ಕೇಳಿ ನೋಡು."

ನೀರು ಸೇರಿದರೆ ಎರಡೂ ಒಟ್ಟಿಗೆ ತೆಳ್ಳಗಾಗುತ್ತವೆ. 4.1 ಇದ್ದದ್ದು ನೀರಿನಿಂದ 3.6ಕ್ಕೆ ಇಳಿಯಬೇಕಾದರೆ ಎಸ್ಎನ್ಎಫ್ ಕೂಡ ಏಳೂವರೆಯ ಹತ್ತಿರ ಬರಬೇಕಿತ್ತು. ಅದು ಅಲ್ಲೇ ನಿಂತು ಬರೀ ಫ್ಯಾಟ್ ಬಿದ್ದಿದೆ ಅಂದರೆ ಕರೆಯುವುದರಲ್ಲೇ ಏನೋ ಆಗಿದೆ. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಯ ಹಿಂಡಿನ ಹಾಲೇ ಗಟ್ಟಿ. ವಿಚಾರಿಸಿದೆ. ಅವತ್ತು ಮಳೆ ಬರುವ ಹಾಗಿತ್ತಂತೆ. ಅರ್ಧಂಬರ್ಧ ಕರೆದು ಕರು ಬಿಟ್ಟಿದ್ದರಂತೆ. ಜಿಡ್ಡೆಲ್ಲ ಕರುವಿನ ಹೊಟ್ಟೆಗೆ. ಅಕ್ಕ ಆಮೇಲೆ ನನ್ನ ಮೇಲೆ ಸಿಟ್ಟಾಗಲಿಲ್ಲ. ಕರುವಿನ ಮೇಲೆ ಆದರೋ ಏನೋ ಗೊತ್ತಿಲ್ಲ.

ಮೊದಲ ಮೂರು ವಾರ ಹೀಗೇ ನಡೆಯಿತು. ಯಂತ್ರದಿಂದ ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಪ್ರತಿಯೊಬ್ಬರಿಗೂ ಚೀಟಿ ಬರುತ್ತಿತ್ತು. ಏಳು ದಿನಕ್ಕೊಮ್ಮೆ ಬಟವಾಡೆ ಪಟ್ಟಿಯೂ ತಾನಾಗಿಯೇ ತಯಾರಾಗುತ್ತಿತ್ತು. ನಾಲ್ಕನೇ ವಾರದ ಮೊದಲ ದಿನ ಸಿಡಿಲು ಹೊಡೆದು ಕಂಪ್ಯೂಟರ್ ಸುಟ್ಟುಹೋಯಿತು. ಹಾಲಿನ ಯಂತ್ರ ಬ್ಯಾಟರಿ ಮೇಲೆ ಇದ್ದದ್ದರಿಂದ ಉಳಿಯಿತು. ರಿಪೇರಿಯವರು ಹತ್ತು ದಿನ ಅಂದರು. ಸರಿ, ಹಳೇ ಉದ್ದ ರಿಜಿಸ್ಟರು ಹುಡುಕಿ ತೆಗೆದು ಗೆರೆ ಎಳೆದೆ. ನಂಬರು, ಲೀಟರು, ಫ್ಯಾಟು, ಎಸ್ಎನ್ಎಫ್. ಬೆಳಗ್ಗೆ ಒಂದು ಪುಟ, ಸಂಜೆ ಒಂದು ಪುಟ.

ಬರೆಯುವುದೇನೂ ಕಷ್ಟವಾಗಲಿಲ್ಲ. ಬಟವಾಡೆಯ ಹಿಂದಿನ ರಾತ್ರಿ ಕೂತಾಗ ಎದೆ ಧಸಕ್ಕೆಂದಿತು. 84 ಜನ, ಒಬ್ಬೊಬ್ಬರಿಗೆ ಏಳು ದಿನದ 14 ಹೊತ್ತು. ಅಂದರೆ 1,176 ಸಲ ದರಪಟ್ಟಿ ನೋಡಿ ಗುಣಿಸಬೇಕು. ಒಂಬತ್ತು ಗಂಟೆಗೆ ಕೂತವಳು ಹತ್ತೂವರೆಗೆ ಬರೀ ಎಂಟು ಜನರದ್ದು ಮುಗಿಸಿದ್ದೆ. ಆಗ ತಲೆಗೆ ಒಂದು ಉಪಾಯ ಹೊಳೆಯಿತು. ವಾರದ 14 ಫ್ಯಾಟನ್ನೂ ಕೂಡಿ 14ರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಆ ಸರಾಸರಿಗೆ ಪಟ್ಟಿಯಲ್ಲಿರುವ ದರ ನೋಡಿ, ವಾರದ ಒಟ್ಟು ಲೀಟರಿಗೆ ಒಂದೇ ಸಲ ಗುಣಿಸಿದರೆ ಮುಗಿಯಿತಲ್ಲ! ಹಳೆಯ ಎಂಟನ್ನೂ ಹೊಡೆದು ಹಾಕಿ ಹೊಸ ಲೆಕ್ಕದಲ್ಲೇ ಬರೆದೆ. ಎರಡು ಗಂಟೆಗೆಲ್ಲ ಮಲಗಿದೆ. ಆ ಎಂಟು ಜನರ ಹಳೆ ಮೊತ್ತಕ್ಕೂ ಹೊಸ ಮೊತ್ತಕ್ಕೂ ತಾಳೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಿದ್ದೆಗಣ್ಣು, ನೋಡಲಿಲ್ಲ.

ಬೆಳಗ್ಗೆ ಫೀಡಿನ ಕಂತು, ಮುಂಗಡ ಎಲ್ಲ ಕಳೆದು ಪಟ್ಟಿ ಬ್ಯಾಂಕಿಗೆ ಹೋಯಿತು. ಸಂಜೆ ಹೊತ್ತಿಗೆ ಎಲ್ಲರ ಖಾತೆಗೂ ದುಡ್ಡು ಬಿತ್ತು. ಯಾರೂ ಏನೂ ಕೇಳಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಕಡಿಮೆ ಬಂತು ಅನ್ನಲಿಲ್ಲ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅನುಮಾನ ಬಂದದ್ದು ಚಿಕ್ಕಮ್ಮನಿಗೆ. ಒಕ್ಕೂಟದಿಂದ ವಾರದ ಬಿಲ್ಲು ಬಂದಾಗ ಅದನ್ನೂ ನನ್ನ ರಿಜಿಸ್ಟರನ್ನೂ ತೊಡೆ ಮೇಲಿಟ್ಟುಕೊಂಡು ನೋಡಿದರು. ನಾವು ಕಳಿಸಿದ ಹಾಲಿಗೆ ಒಕ್ಕೂಟ ಕೊಟ್ಟದ್ದರಲ್ಲಿ ರೈತರಿಗೆ ಕೊಟ್ಟದ್ದನ್ನು ಕಳೆದರೆ ಸಂಘಕ್ಕೆ ವಾರಕ್ಕೆ ಇಷ್ಟು ಅಂತ ಉಳಿಯಬೇಕು. ಕರೆಂಟು ಬಿಲ್ಲು, ಸಂಬಳ ಎಲ್ಲಾ ಅದರಲ್ಲೇ. ಆ ಉಳಿಕೆಯಲ್ಲಿ 950 ರೂಪಾಯಿಯ ಹತ್ತಿರ ಕಮ್ಮಿ ಇತ್ತು.

"ಲೀಟರ್ ಸರಿ ಇದೆಯಾ?" ಅಂದರು.

ಲೀಟರು ಸರಿ ಇತ್ತು. ದಿನಕ್ಕೆ ಸುಮಾರು 640 ಲೀಟರು, ಬೆಳಗ್ಗೆ 410, ಸಂಜೆ 230. ಲಾರಿಯ ಚೀಟಿಗೂ ನಮ್ಮ ಪುಟಕ್ಕೂ ಒಂದೆರಡು ಲೀಟರಿನ ವ್ಯತ್ಯಾಸ ಅಷ್ಟೇ. ಆದರೆ ಫ್ಯಾಟಿನಲ್ಲಿ ಅಂತರವಿತ್ತು. ಒಕ್ಕೂಟದ ಬಿಲ್ಲಿನಲ್ಲಿ ವಾರದ ಸರಾಸರಿ 3.8 ಅಂತ ಇತ್ತು. ನನ್ನ ಲೆಕ್ಕದಲ್ಲಿ 3.9.

ಒಂದು ಪಾಯಿಂಟು ತಾನೇ ಅಂದೆ. ಚಿಕ್ಕಮ್ಮ ನನ್ನನ್ನೇ ನೋಡಿದರು.

ಮೊದಲ ಅನುಮಾನ ಯಂತ್ರದ ಮೇಲೆ. ಸಿಡಿಲಿನಲ್ಲಿ ಅದಕ್ಕೂ ಏನಾದರೂ ಆಗಿ ಜಾಸ್ತಿ ತೋರಿಸುತ್ತಿದ್ದರೆ? ಅದನ್ನು ತಿಳಿಯಲು ಹಳೇ ದಾರಿ ಇದೆ, ಗರ್ಬರ್ ಪರೀಕ್ಷೆ. ಬೀರುವಿನ ಮೇಲಿದ್ದ ಪೆಟ್ಟಿಗೆ ಇಳಿಸಿದೆವು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಕುತ್ತಿಗೆ ಉದ್ದದ, ಗೆರೆ ಹಾಕಿದ ಗಾಜಿನ ಬುಡ್ಡಿಗೆ ಮೊದಲು 10 ಮಿಲಿ ಗಂಧಕಾಮ್ಲ. ಅದರ ಮೇಲೆ 10.75 ಮಿಲಿ ಹಾಲು. ಹಾಲನ್ನು ಗೋಡೆಗೆ ತಾಗಿಸಿ ನಿಧಾನಕ್ಕೆ ಇಳಿಬಿಡಬೇಕು, ಆಮ್ಲದ ಮೇಲೆ ಬೇರೆಯಾಗಿ ಕೂರುವ ಹಾಗೆ. ಧಡಕ್ಕನೆ ಸುರಿದರೆ ಅಲ್ಲೇ ಸುಟ್ಟು ಕರ್ರಗಾಗುತ್ತದೆ, ಓದಲು ಬರುವುದಿಲ್ಲ. ಆಮೇಲೆ 1 ಮಿಲಿ ಅಮೈಲ್ ಆಲ್ಕೊಹಾಲ್. ರಬ್ಬರ್ ಬಿರಡೆ ಒತ್ತಿ, ಬಟ್ಟೆ ಸುತ್ತಿ ಅಲ್ಲಾಡಿಸಬೇಕು. ಬಟ್ಟೆ ಯಾಕೆ ಅಂತ ಕೈಗೆ ತಾಗಿದಾಗ ಗೊತ್ತಾಯಿತು. ಬುಡ್ಡಿ ಒಲೆಯ ಮೇಲಿಟ್ಟ ಹಾಗೆ ಸುಡುತ್ತದೆ. ಹಾಲು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಜಿಡ್ಡು ಬಿಟ್ಟು ಉಳಿದದ್ದನ್ನೆಲ್ಲ ಆಮ್ಲ ಕರಗಿಸಿಬಿಡುತ್ತದೆ.

ಆಮೇಲೆ ಬುಡ್ಡಿಗಳನ್ನು ಎದುರು ಬದುರು ಇಟ್ಟು ಚಕ್ರದಲ್ಲಿ ಐದು ನಿಮಿಷ ತಿರುಗಿಸಿ, 65 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದೆ. ಕುತ್ತಿಗೆಯಲ್ಲಿ ಜೇನಿನ ಬಣ್ಣದ ಒಂದು ಕಂಬ ನಿಂತಿತ್ತು. ನಾಲ್ಕು ವಾರದಿಂದ ಪರದೆಯ ಮೇಲೆ ಅಂಕಿಯಾಗಿ ನೋಡಿದ್ದ ಫ್ಯಾಟನ್ನು ಕಣ್ಣಲ್ಲಿ ಕಂಡದ್ದು ಅವತ್ತೇ. ಒಂದರಲ್ಲಿ 3.7. ಯಂತ್ರವೂ 3.7 ಅಂದಿತ್ತು. ಇನ್ನೊಂದರಲ್ಲಿ 4.3, ಯಂತ್ರ 4.4 ಅಂದಿತ್ತು. ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಯಂತ್ರದ ತಪ್ಪಲ್ಲ.

ಲೀಟರು ಸರಿ, ಯಂತ್ರ ಸರಿ. ಇನ್ನು ಉಳಿದದ್ದು ನಾನು.

ಚಿಕ್ಕಮ್ಮ ಒಂದು ಪೆನ್ಸಿಲ್ ತೆಗೆದುಕೊಂಡು ಮೂವತ್ತೆಂಟನ್ನೇ ಹಿಡಿದರು. ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ದುಂಡು ಮಾಡಿ ಹೇಳುತ್ತೇನೆ. ದರವನ್ನೂ ಸುಲಭದ ಅಂಕಿಗೆ ತಂದಿದ್ದೇನೆ. 3.5 ಫ್ಯಾಟಿಗೆ ಲೀಟರಿಗೆ 32 ರೂಪಾಯಿ, ಅಲ್ಲಿಂದ ಮೇಲೆ ಪ್ರತಿ 0.1ಕ್ಕೆ 25 ಪೈಸೆ ಜಾಸ್ತಿ ಅಂತ ಇಟ್ಟುಕೊಳ್ಳಿ. ಎಸ್ಎನ್ಎಫ್ ಕದಲಲಿಲ್ಲ ಅಂತ ಅದನ್ನು ಬದಿಗಿಡೋಣ.

ಅಕ್ಕನ ಹಾಲು ಬೆಳಗ್ಗೆ 6 ಲೀಟರು, ಫ್ಯಾಟ್ 3.5. ಸಂಜೆ 3 ಲೀಟರು, ಫ್ಯಾಟ್ 4.4. ಬೆಳಗಿನದು 6 × 32, ಅಂದರೆ 192 ರೂಪಾಯಿ. ಸಂಜೆಯದಕ್ಕೆ ದರ 34.25. ಮೂರು ಲೀಟರಿಗೆ 102.75. ದಿನಕ್ಕೆ ಒಟ್ಟು 294.75.

ನಾನು ಮಾಡಿದ್ದು ಬೇರೆ. 3.5 ಮತ್ತು 4.4 ಕೂಡಿ ಎರಡರಿಂದ ಭಾಗಿಸಿ 3.95 ಅಂದಿದ್ದೆ. ಪಟ್ಟಿಯಲ್ಲಿ 3.9ಕ್ಕೆ 33 ರೂಪಾಯಿ, 4.0ಕ್ಕೆ 33.25. ನಡುವಿನದು 33.125. ಒಂಬತ್ತು ಲೀಟರಿಗೆ 298 ರೂಪಾಯಿ 12 ಪೈಸೆ ಚಿಲ್ಲರೆ. ದಿನಕ್ಕೆ ಮೂರು ರೂಪಾಯಿ 37 ಪೈಸೆಯಷ್ಟು ಜಾಸ್ತಿ. ವಾರವಿಡೀ ಅದೇ ಹಾಲು ಅಂದುಕೊಂಡರೆ 2,063.25 ಕೊಡುವ ಕಡೆ 2,086.88 ಕೊಟ್ಟಿದ್ದೆ. 23 ರೂಪಾಯಿ 63 ಪೈಸೆ ಹೆಚ್ಚಿಗೆ.

"ಆರು ಲೀಟರ್ ತೆಳು ಹಾಲು, ಮೂರು ಲೀಟರ್ ಗಟ್ಟಿ ಹಾಲು. ಎರಡನ್ನೂ ಒಂದೇ ತಕ್ಕಡೀಲಿ ಸಮ ತೂಗಿಬಿಟ್ಟೆಯಲ್ಲೇ," ಅಂದರು ಚಿಕ್ಕಮ್ಮ. ತೆಳು ಹಾಲು ಜಾಸ್ತಿ ಇದ್ದಾಗ ಸರಾಸರಿಯೂ ಅದರ ಕಡೆಗೇ ವಾಲಬೇಕು. ಲೀಟರಿಗೆ ಫ್ಯಾಟನ್ನು ಗುಣಿಸಿ ಕೂಡಿ, ಒಟ್ಟು ಲೀಟರಿನಿಂದ ಭಾಗಿಸಬೇಕು. ಆರು ಮೂರೂವರೆ 21. ಮೂರು ನಾಲ್ಕು ಪಾಯಿಂಟ್ ನಾಲ್ಕು 13.2. ಕೂಡಿದರೆ 34.2, ಒಂಬತ್ತರಿಂದ ಭಾಗಿಸಿದರೆ 3.8. ನನ್ನದು 3.95.

ನನಗೆ ಇನ್ನೂ ಒಂದು ಅರ್ಥವಾಗಿರಲಿಲ್ಲ. ತಪ್ಪು ಲೆಕ್ಕ ಅಂದರೆ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ ಆಗಿ ಒಟ್ಟಿನಲ್ಲಿ ಸರಿಹೋಗಬೇಕಲ್ವಾ? ಇದು ಒಂದೇ ಕಡೆಗೆ ಯಾಕೆ ಹೋಯಿತು? ರಿಜಿಸ್ಟರಿನ ಪುಟ ತಿರುವಿದಾಗ ಉತ್ತರ ಅಲ್ಲೇ ಇತ್ತು. 84 ಜನರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಬೆಳಗ್ಗೆ ಹಾಲು ಜಾಸ್ತಿ, ಫ್ಯಾಟ್ ಕಡಿಮೆ. ಸಂಜೆ ಹಾಲು ಕಡಿಮೆ, ಫ್ಯಾಟ್ ಜಾಸ್ತಿ. ನಮ್ಮೂರಲ್ಲಿ ಸಂಜೆ ನಾಲ್ಕೂವರೆಗೆ ಕರೆಯುತ್ತಾರೆ, ಬೆಳಗ್ಗೆ ಐದೂವರೆಗೆ ಕರೆಯುತ್ತಾರೆ. ರಾತ್ರಿಯ ಅಂತರ 13 ಗಂಟೆ, ಹಗಲಿನದು 11. ಅಂತರ ಹೆಚ್ಚಾದಷ್ಟೂ ಹಾಲು ಹೆಚ್ಚು, ಜಿಡ್ಡಿನ ಪಾಲು ಕಡಿಮೆ. ಅದರ ಮೇಲೆ, ಮನೆಗೆ ಬೇಕಾದ ಹಾಲನ್ನು ಎಲ್ಲರೂ ಸಂಜೆಯದರಲ್ಲೇ ಉಳಿಸಿಕೊಳ್ಳುತ್ತಾರೆ. ರಾತ್ರಿ ಹೆಪ್ಪು ಹಾಕಬೇಕಲ್ಲ. ಹಾಗಾಗಿ ನನ್ನ ಸುಲಭದ ಸರಾಸರಿ ಎಲ್ಲರ ಹಾಲಿನಲ್ಲೂ ಫ್ಯಾಟನ್ನು ಮೇಲಕ್ಕೇ ಎತ್ತಿತ್ತು.

ಇಡೀ ಡೈರಿಗೆ ಹಾಕಿ ನೋಡಿದೆ. ಬೆಳಗ್ಗೆ 410 ಲೀಟರು 3.6ರ ಹಾಗೆ, ಸಂಜೆ 230 ಲೀಟರು 4.2ರ ಹಾಗೆ. ಸರಿಯಾದ ಸರಾಸರಿ 3.82ರ ಒಳಗೇ ನಿಂತಿತು. ನನ್ನದು 3.9. ದಿನಕ್ಕೆ ಸುಮಾರು 135 ರೂಪಾಯಿ, ಏಳು ದಿನಕ್ಕೆ 945. ಚಿಕ್ಕಮ್ಮ ಹುಡುಕುತ್ತಿದ್ದ ದುಡ್ಡು ಸಿಕ್ಕಿತು. ಸಿಕ್ಕಿದ್ದು ಲೆಕ್ಕದಲ್ಲಿ, ಪೆಟ್ಟಿಗೆಯಲ್ಲಲ್ಲ.

ಅಧ್ಯಕ್ಷರು ಬಯ್ಯಲಿಲ್ಲ. ಮುಂದಿನ ಬಟವಾಡೆಯಲ್ಲಿ ಅವರವರ ಪಾಲು ಹಿಡಿಯೋಣ, ಆದರೆ ಮುಂಚೆಯೇ ಎಲ್ಲರಿಗೂ ಹೇಳಬೇಕು, ಹೇಳುವವಳು ನೀನೇ ಅಂದರು. ಅದು ಬೈಗುಳಕ್ಕಿಂತ ಕಷ್ಟದ್ದು.

ಸಂಜೆ ಹಾಲಿನ ಹೊತ್ತಿಗೆ ಸಾಲು ನಿಂತಿದ್ದಾಗಲೇ ಹೇಳಿದೆ. ಸರಾಸರಿ, ಭಾಗಾಕಾರ ಅಂತ ಶುರು ಮಾಡಿದ್ದಕ್ಕೆ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. "ಕೊಟ್ಟಿದ್ದ ಕಿತ್ಕತೀನಿ ಅಂತಾವ್ಳೆ," ಅಂತ ಹಿಂದಿನಿಂದ ಮಾತು ಬಂತು. ಆಗ ಸಹಾಯಕಿ ಅಕ್ಕ, "ಬೆಣ್ಣೆ ಲೆಕ್ಕದಲ್ಲಿ ಹೇಳವ್ವ" ಅಂದರು.

ಹಾಗೇ ಹೇಳಿದೆ. ಲೀಟರು ಹಾಲು ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅದು ಬಿಡಿ, ಒಂದು ಕೆಜಿ ಅಂತಲೇ ಇಟ್ಟುಕೊಳ್ಳಿ. ಮೂರೂವರೆ ಫ್ಯಾಟ್ ಅಂದರೆ ಲೀಟರಿನಲ್ಲಿ 35 ಗ್ರಾಂ ಜಿಡ್ಡು. ಅಕ್ಕನ ಬೆಳಗಿನ ಆರು ಲೀಟರಿನಲ್ಲಿ 210 ಗ್ರಾಂ. ಸಂಜೆಯ ಮೂರು ಲೀಟರಿನಲ್ಲಿ 44ರ ಲೆಕ್ಕಕ್ಕೆ 132. ಒಟ್ಟು 342 ಗ್ರಾಂ. ನಾನು ದುಡ್ಡು ಕೊಟ್ಟದ್ದು 355 ಗ್ರಾಂಗೆ. ಆ 13 ಗ್ರಾಂ ಬೆಣ್ಣೆ ಯಾರ ಹಾಲಲ್ಲೂ ಇರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬಜ್ಜಿ, "ಹಂಗನ್ನು ಮತ್ತೆ. ಕಡೀದೇ ಇರೋ ಬೆಣ್ಗೆ ಕಾಸು ಇಸ್ಕಂಡಂಗಾಯ್ತು" ಅಂದರು. ಗೊಣಗಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಇಳಿಯಿತು. ಹೆಚ್ಚಿನವರದ್ದು ಹತ್ತು ಹನ್ನೆರಡು ರೂಪಾಯಿಯ ಬಾಬ್ತು. ಮೂವತ್ತೆಂಟರದ್ದೇ ಜಾಸ್ತಿ.

ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಎರಡನೇ ವಾರಕ್ಕೆ ನನ್ನ ಲ್ಯಾಪ್‌ಟಾಪ್ ತಂದು ಎಕ್ಸೆಲ್‌ನಲ್ಲಿ ಹಾಕಿಕೊಂಡೆ. ಒಬ್ಬೊಬ್ಬರಿಗೆ ಒಂದು ಹಾಳೆ, 14 ಸಾಲು. `B`ಯಲ್ಲಿ ಲೀಟರು, `C`ಯಲ್ಲಿ ಫ್ಯಾಟು, `D`ಯಲ್ಲಿ ಆ ಹೊತ್ತಿನ ದರ. ಸರಾಸರಿ ಫ್ಯಾಟಿಗೆ ಮೊದಲ ಸಾಲು, ಕೊಡಬೇಕಾದ ದುಡ್ಡಿಗೆ ಎರಡನೆಯದು:

```
=SUMPRODUCT(B2:B15,C2:C15)/SUM(B2:B15)
=SUMPRODUCT(B2:B15,D2:D15)
```

ಸರಿಯಾದ ಸರಾಸರಿ ಗೊತ್ತಾದ ಮೇಲೆ ಅದರ ದರವನ್ನೇ ಒಟ್ಟು ಲೀಟರಿಗೆ ಗುಣಿಸಿದರೆ ಸಾಲದಾ, ಪ್ರತಿ ಹೊತ್ತಿನ ದರ ಯಾಕೆ ಅಂತ ಅನಿಸಬಹುದು. ನನಗೂ ಅನಿಸಿತ್ತು. ಮೂವತ್ತೆಂಟಕ್ಕೆ ಅದು ಸರಿ ಹೋಗುತ್ತದೆ ಕೂಡ. 3.8ರ ದರ 32.75, ಒಂಬತ್ತು ಲೀಟರಿಗೆ ಅದೇ 294.75. ಆದರೆ ನಮ್ಮ ಪಟ್ಟಿಯಲ್ಲಿ ಏರುವುದು ಒಂದು ಲೆಕ್ಕ, ಇಳಿಯುವುದು ಇನ್ನೊಂದು. 3.5ಕ್ಕಿಂತ ಕೆಳಗೆ ಪ್ರತಿ 0.1ಕ್ಕೆ ಕಡಿತ ದೊಡ್ಡದು, 50 ಪೈಸೆ ಅಂತ ಇಟ್ಟುಕೊಳ್ಳಿ. ಒಬ್ಬರು ಬೆಳಗ್ಗೆ 5 ಲೀಟರು 3.3ರದ್ದು, ಸಂಜೆ 5 ಲೀಟರು 3.7ರದ್ದು ಹಾಕಿದರೆ ಸರಾಸರಿ 3.5. ಅದರ ದರದಲ್ಲಿ 320 ರೂಪಾಯಿ. ಹೊತ್ತು ಹೊತ್ತಿಗೆ ಬೇರೆ ಮಾಡಿದರೆ 155 ಮತ್ತು 162.50, ಒಟ್ಟು 317.50. ಸರಾಸರಿ ಕೆಳಗಿನ ಹಾಲನ್ನು ಮೇಲಿನ ಹಾಲಿನ ಹಿಂದೆ ಬಚ್ಚಿಟ್ಟುಬಿಡುತ್ತದೆ. ಅದಕ್ಕೇ ದುಡ್ಡನ್ನು ಹೊತ್ತಿನ ಸಾಲಿನಲ್ಲೇ ಲೆಕ್ಕ ಹಾಕುವುದು. ಸರಾಸರಿಯನ್ನು ನಾನು ಒಕ್ಕೂಟದ ಬಿಲ್ಲಿಗೆ ತಾಳೆ ನೋಡಲು ಮಾತ್ರ ಇಟ್ಟುಕೊಂಡೆ. ಆ ವಾರ ನಮ್ಮದಕ್ಕೂ ಅವರದಕ್ಕೂ 0.03ರ ವ್ಯತ್ಯಾಸ ಬಂತು. ಚಿಕ್ಕಮ್ಮ ಬಿಲ್ಲನ್ನು ಮಡಚಿ ಫೈಲಿಗೆ ಹಾಕಿದರು.

ಬಟವಾಡೆಯ ದಿನ ಮೂವತ್ತೆಂಟನೇ ಅಕ್ಕ ಪಾಸ್ ಪುಸ್ತಕ ಹಿಡಿದು ಬಂದರು. ಫೀಡಿನ ಕಂತು 600 ಹೋಗಿತ್ತು. ಅದರ ಕೆಳಗೆ ಹಿಂದಿನ ವಾರದ ಹೆಚ್ಚುವರಿ ಅಂತ 23.63. ಬೆರಳಿಟ್ಟು ನೋಡಿದರು. ಜಗಳ ಶುರುವಾಯಿತು ಅಂದುಕೊಂಡೆ.

"ಸಂಜೆ ಹಾಲ್ಗೆ ಲೀಟ್ರಿಗೆ ಎಷ್ಟು ಜಾಸ್ತಿ ಅಂದೆ?"

"ಎರಡೂಕಾಲು ರೂಪಾಯಿ ಅಕ್ಕ, ನಿಮ್ಮ ಹಸುವಿಂದಕ್ಕೆ."

"ಮನೇಗೆ ಉಳಿಸ್ಕಳೋ ಲೀಟ್ರ ಬೆಳಗ್ಗೆ ಉಳಿಸ್ಕಂಡ್ರೆ?"

ನಾನು ಪೆನ್ನು ಕೆಳಗಿಟ್ಟೆ. ಬೆಳಗ್ಗೆ 5 ಲೀಟರಿಗೆ 160, ಸಂಜೆ 4 ಲೀಟರಿಗೆ 137. ಒಟ್ಟು 297. ಒಂಬತ್ತೇ ಲೀಟರು, ಅದೇ ಹಸು, ದಿನಕ್ಕೆ ಎರಡೂಕಾಲು ರೂಪಾಯಿ ಜಾಸ್ತಿ. ಬಿ.ಕಾಂ. ಓದಿದ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಡೈರಿಯ ಕಡೆಯವಳಾಗಿ ಹೇಳುತ್ತಿದ್ದೆನೋ ಇಲ್ಲವೋ.

"ತೆಳು ಹಾಲಲ್ಲಿ ಮೊಸ್ರು ಗಟ್ಟಿ ಆಗಕಿಲ್ಲ ಅಂತ ನಮ್ಮತ್ತೆ ಬಯ್ತಾರೆ. ಬಯ್ಕಳ್ಳಿ ಬುಡು," ಅಂದು ಪುಸ್ತಕವನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೋದರು.

ಮಾರನೇ ದಿನದಿಂದ ಮೂವತ್ತೆಂಟರ ಸಾಲಿನಲ್ಲಿ ಬೆಳಗ್ಗೆ ಐದು, ಸಂಜೆ ನಾಲ್ಕು. ಹನ್ನೊಂದನೇ ದಿನಕ್ಕೆ ಅವರ 23 ರೂಪಾಯಿ 63 ಪೈಸೆ ವಾಪಸ್ ಬಂದಿತ್ತು. ಅಷ್ಟರಲ್ಲಿ ಎಂಬತ್ಮೂರೂ ಹಾಗೇ ಮಾಡತೊಡಗಿದ್ದರು. ಚಿಕ್ಕಮ್ಮ ಕೋಲೂರಿಕೊಂಡು ಡೈರಿಗೆ ಬಂದ ಮೊದಲ ದಿನ ರಿಜಿಸ್ಟರ್ ನೋಡಿ, "ಸಂಜೆ ಹಾಲು ಇದ್ದಕ್ಕಿದ್ದಂಗೆ 20 ಲೀಟರ್ ಏರಿದೆಯಲ್ಲ, ಯಾಕೆ?" ಅಂತ ಕೇಳಿದರು.